ಚೌಕದಿಂದ ತ್ರಿಕೋನಕ್ಕೆ, ಮತ್ತೆ ಚೌಕಕ್ಕೆ

ಎಲೆಕ್ಟ್ರಾನಿಕ್ಸ್ ಓದಿದ ಯಾರ ರೆಕಾರ್ಡ್ ಬುಕ್ ತೆರೆದರೂ ಎರಡು ಪುಟಗಳು ಮಾತ್ರ ತದ್ರೂಪಿ ಅವಳಿಗಳಂತಿರುತ್ತವೆ. ಒಂದರಲ್ಲಿ ಮೇಲೆ ಚೌಕ ಅಲೆ, ಕೆಳಗೆ ತ್ರಿಕೋನ ಅಲೆ. ಇನ್ನೊಂದರಲ್ಲಿ ಮೇಲೆ ತ್ರಿಕೋನ, ಕೆಳಗೆ ಚೌಕ. ಎಲ್ಲವೂ ಸ್ಕೇಲ್ ಇಟ್ಟು ಎಳೆದ ಗೆರೆಗಳು. ಮೊದಲನೆಯದು ಆಪ್ ಆ್ಯಂಪ್ ಇಂಟಿಗ್ರೇಟರ್, ಎರಡನೆಯದು ಡಿಫರೆನ್ಷಿಯೇಟರ್. ಗೆರೆಗಳು ಎಷ್ಟು ನೇರ ಅಂದರೆ, ಅವನ್ನು ಸಿಆರ್‌ಒ ಪರದೆ ನೋಡಿ ಬರೆದದ್ದಲ್ಲ, ಸೀನಿಯರ್ ರೆಕಾರ್ಡ್ ನೋಡಿ ಬರೆದದ್ದು ಎಂದು ದೂರದಿಂದಲೇ ಹೇಳಬಹುದು.

ನಾನು ಫೈನಲ್ ಇಯರ್. ಪ್ರಾಕ್ಟಿಕಲ್ ಎಕ್ಸಾಂ ಹತ್ತಿರ ಬಂದಾಗ ಸಂಜೆ ಹೊತ್ತು ಲ್ಯಾಬ್‌ನಲ್ಲಿ ಜೂನಿಯರ್‌ಗಳ ಜೊತೆ ಕೂರುವುದು ನಮ್ಮಲ್ಲಿ ರೂಢಿ. ಈ ಪ್ರಯೋಗದ ದಿನ ಪ್ರತಿ ವರ್ಷವೂ ಒಂದೇ ಗೋಳು. ಪರದೆಯ ಮೇಲೆ ಬರುವುದು ಪುಸ್ತಕದ ಚಿತ್ರವಲ್ಲ. ಆಗ ಯಾರೋ ಒಬ್ಬರು ಬುದ್ಧಿ ಹೇಳುತ್ತಾರೆ, ‘ಇರಲಿ ಬಿಡ್ರೋ, ಐಡಿಯಲ್ ಗ್ರಾಫ್ ಹಾಕಿಬಿಡಿ’ ಅಂತ. ಈ ಬುದ್ಧಿವಾದದ ಮೇಲೆ ನನಗೆ ಸಿಟ್ಟಿದೆ. ಪುಸ್ತಕದ ಚಿತ್ರದಿಂದ ಪರದೆಯ ಚಿತ್ರ ಎಲ್ಲಿ, ಎಷ್ಟು ಬೇರೆಯಾಗಿದೆ ಎನ್ನುವುದರಲ್ಲೇ ನಿಮ್ಮ ಬ್ರೆಡ್‌ಬೋರ್ಡಿನ ಜಾತಕ ಇರುತ್ತದೆ. ಅದನ್ನು ಓದಲು ಬೇಕಾದ ಸಾಧನವೂ ಅದೇ ಪ್ರಯೋಗದಲ್ಲಿದೆ. ಇಂಟಿಗ್ರೇಟರ್ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಡಿಫರೆನ್ಷಿಯೇಟರ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೊದಲು ಇಂಟಿಗ್ರೇಟರ್ ಏನು ಮಾಡುತ್ತದೆ ನೋಡೋಣ. ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿಯಿಂದ ಒಂದೇ ವೇಗದಲ್ಲಿ ನೀರು ಬೀಳುತ್ತಿದ್ದರೆ ಮಟ್ಟ ಒಂದೇ ವೇಗದಲ್ಲಿ ಏರುತ್ತದೆ. ಅಷ್ಟೇ ವೇಗದಲ್ಲಿ ನೀರು ಹೊರಗೆ ಎಳೆದರೆ ಅಷ್ಟೇ ವೇಗದಲ್ಲಿ ಇಳಿಯುತ್ತದೆ. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಸಮಯ ಹಿಡಿದು ಬದಲಿಸುತ್ತಿದ್ದರೆ ಅದೇ ಚೌಕ ಅಲೆ. ಮಟ್ಟದ ಏರಿಳಿತ ತ್ರಿಕೋನ. ಇಲ್ಲಿ ಟ್ಯಾಂಕ್ ಅಂದರೆ ಕೆಪ್ಯಾಸಿಟರ್, ನೀರಿನ ವೇಗ ಅಂದರೆ ರೆಸಿಸ್ಟರ್ ಮೂಲಕ ಹರಿಯುವ ಕರೆಂಟ್. ಆಪ್ ಆ್ಯಂಪ್ ಚಿಹ್ನೆಯನ್ನು ಮಾತ್ರ ತಿರುಗಿಸುತ್ತದೆ. ಇನ್‌ಪುಟ್ ಪ್ಲಸ್ ಇದ್ದಾಗ ಔಟ್‌ಪುಟ್ ಇಳಿಯುತ್ತದೆ, ಮೈನಸ್ ಇದ್ದಾಗ ಏರುತ್ತದೆ.

Vout = −(1/RC) ∫ Vin dt

ನಮ್ಮ ಲ್ಯಾಬ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ರೆಸಿಸ್ಟರ್ 10 ಕಿಲೋಓಮ್, ಕೆಪ್ಯಾಸಿಟರ್ 0.01 ಮೈಕ್ರೊಫ್ಯಾರಡ್. ಎರಡನ್ನೂ ಗುಣಿಸಿದರೆ 0.1 ಮಿಲಿಸೆಕೆಂಡ್. ಇನ್‌ಪುಟ್ 1 ಕಿಲೋಹರ್ಟ್ಸ್ ಚೌಕ ಅಲೆ, ಪ್ಲಸ್ 1 ವೋಲ್ಟ್‌ನಿಂದ ಮೈನಸ್ 1 ವೋಲ್ಟ್‌ಗೆ. 1 ವೋಲ್ಟನ್ನು 0.1 ಮಿಲಿಸೆಕೆಂಡ್‌ನಿಂದ ಭಾಗಿಸಿದರೆ ಔಟ್‌ಪುಟ್‌ನ ಇಳಿಜಾರು ಸಿಗುತ್ತದೆ, ಮಿಲಿಸೆಕೆಂಡ್‌ಗೆ 10 ವೋಲ್ಟ್. ಅರ್ಧ ಆವರ್ತ 0.5 ಮಿಲಿಸೆಕೆಂಡ್ ಆದ್ದರಿಂದ ಔಟ್‌ಪುಟ್ 5 ವೋಲ್ಟ್ ಇಳಿದು, ಮತ್ತೆ 5 ವೋಲ್ಟ್ ಏರಬೇಕು. ತುದಿಯಿಂದ ತುದಿಗೆ 5 ವೋಲ್ಟ್‌ನ ತ್ರಿಕೋನ. ಇದು ಕಾಗದದ ಮೇಲಿನ ಉತ್ತರ.

ಈ ಸಲ ಒಂದು ಬ್ಯಾಚ್‌ನವರು ಇಷ್ಟನ್ನೇ ಜೋಡಿಸಿದ್ದರು. 741 ಐಸಿ, ಪ್ಲಸ್ ಮೈನಸ್ 15 ವೋಲ್ಟ್ ಸಪ್ಲೈ, ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್. ಪರದೆಯಲ್ಲಿ 5 ವೋಲ್ಟ್‌ನ ಚೆಂದದ ತ್ರಿಕೋನ. ಆದರೂ ಆ ಹುಡುಗಿ ನನ್ನನ್ನು ಕರೆದಳು. ‘ಅಕ್ಕಾ, ಔಟ್‌ಪುಟ್ ಬಂದಿದೆ. ಆದ್ರೆ ಸಿಆರ್‌ಒನ ಎಸಿಯಿಂದ ಡಿಸಿಗೆ ಹಾಕಿದ್ರೆ ಮಾಯ ಆಗುತ್ತೆ. ಐಸಿ ಹೋಗಿದ್ಯಾ?’ ಪಕ್ಕದವನು ಆಗಲೇ ಹೊಸ ಐಸಿ ಹುಡುಕಲು ಡಬ್ಬಿ ತೆರೆದಿದ್ದ.

ಐಸಿ ಹೋಗಿರಲಿಲ್ಲ. ಸಿಆರ್‌ಒದ ವೋಲ್ಟ್ಸ್ ಪರ್ ಡಿವಿಷನ್ ಗುಬುಟನ್ನು 5ಕ್ಕೆ ತಿರುಗಿಸಿದೆ. ಮಾಯವಾಗಿದ್ದ ತ್ರಿಕೋನ ಪರದೆಯ ಮೇಲ್ತುದಿಯ ಹತ್ತಿರ, ಚಾವಣಿಗೆ ಅಂಟಿದ ಬಾವಲಿಯಂತೆ ನೇತಾಡುತ್ತಿತ್ತು. ಮೇಲಿನ ತುದಿ 13 ವೋಲ್ಟ್‌ನ ಆಸುಪಾಸಿನಲ್ಲಿ, ಕೆಳಗಿನ ತುದಿ 8ರ ಹತ್ತಿರ. ಕಣ್ಣಿಟ್ಟು ನೋಡಿದರೆ ಮೇಲಿನ ತುದಿ ಚೂಪಾಗಿಲ್ಲ, ತುಸು ಸವೆದಿದೆ. 15 ವೋಲ್ಟ್ ಸಪ್ಲೈ ಕೊಟ್ಟರೆ 741 ಕೊಡಬಲ್ಲದ್ದು 13ರಿಂದ 14 ವೋಲ್ಟ್ ಮಾತ್ರ. ಅಲೆ ಅಲ್ಲಿಗೆ ತಲೆ ತಗುಲಿಸಿಕೊಂಡು ನಿಂತಿತ್ತು. ಎಸಿ ಕಪ್ಲಿಂಗ್‌ನಲ್ಲಿ ಸಿಆರ್‌ಒ ಆ ಡಿಸಿ ಭಾಗವನ್ನು ತೆಗೆದುಹಾಕಿ ಅಲೆಯನ್ನು ನಡುವಿಗೆ ತಂದು ತೋರಿಸುತ್ತದೆ. ಅದಕ್ಕೇ ಎಲ್ಲವೂ ಸರಿ ಇದ್ದಂತೆ ಕಾಣುತ್ತಿತ್ತು.

ಮೇಲಕ್ಕೆ ಹೋದದ್ದು ಹೇಗೆ? ಮತ್ತೆ ಟ್ಯಾಂಕ್ ಕಡೆ ಬನ್ನಿ. ರಾತ್ರಿಯೆಲ್ಲ ತೊಟ್ಟಿಕ್ಕುವ ನಲ್ಲಿ ಬೆಳಿಗ್ಗೆ ಹೊತ್ತಿಗೆ ಟ್ಯಾಂಕ್ ತುಂಬಿಸಿಬಿಡುತ್ತದೆ. ಯಾವ ಆಪ್ ಆ್ಯಂಪ್‌ನ ಎರಡು ಇನ್‌ಪುಟ್‌ಗಳೂ ಪೂರ್ತಿ ಸಮ ಇರುವುದಿಲ್ಲ. 741ರಲ್ಲಿ 1 ಮಿಲಿವೋಲ್ಟ್‌ನಷ್ಟು ವ್ಯತ್ಯಾಸ ಮಾಮೂಲು. ಇದೇ ಆಫ್‌ಸೆಟ್. 1 ಮಿಲಿವೋಲ್ಟನ್ನು ನಮ್ಮ 0.1 ಮಿಲಿಸೆಕೆಂಡ್‌ನಿಂದ ಭಾಗಿಸಿ ನೋಡಿ, ಸೆಕೆಂಡ್‌ಗೆ 10 ವೋಲ್ಟ್! ಅಂದರೆ ಈ ಚಿಕ್ಕ ತೊಟ್ಟಿಕ್ಕುವಿಕೆ ಒಂದೂವರೆ ಸೆಕೆಂಡ್ ಒಳಗೆ ಟ್ಯಾಂಕ್ ತುಂಬಿಸಿಬಿಡುತ್ತದೆ. ಸಪ್ಲೈ ಆನ್ ಮಾಡಿ ಪ್ರೋಬ್ ಹಿಡಿಯುವಷ್ಟರಲ್ಲಿ ಅಲೆ ಚಾವಣಿ ಸೇರಿರುತ್ತದೆ. ಕೆಲವು ಐಸಿಗಳಲ್ಲಿ ಚಾವಣಿ, ಕೆಲವದರಲ್ಲಿ ನೆಲ. ಇದು ಆಫ್‌ಸೆಟ್‌ನ ಚಿಹ್ನೆಗೆ ಬಿಟ್ಟದ್ದು. ಐಸಿ ಬದಲಿಸಿದಾಗ ಅಲೆ ಮೇಲಿನಿಂದ ಕೆಳಗೆ ಹಾರುವುದನ್ನು ನೋಡಿ ‘ಹಳೇದು ಹಾಳಾಗಿತ್ತು’ ಎಂದುಕೊಳ್ಳುವವರೂ ಇದ್ದಾರೆ.

ಮದ್ದು ಎಲ್ಲರಿಗೂ ಗೊತ್ತಿರುವುದೇ, ಟ್ಯಾಂಕ್‌ಗೆ ಒಂದು ಸಣ್ಣ ತೂತು. ಕೆಪ್ಯಾಸಿಟರ್‌ಗೆ ಅಡ್ಡಲಾಗಿ ಒಂದು ದೊಡ್ಡ ರೆಸಿಸ್ಟರ್ ಹಾಕಿದರೆ ತೊಟ್ಟಿಕ್ಕಿದ ನೀರು ತೂತಿನಿಂದ ಹೊರಟುಹೋಗುತ್ತದೆ. ಆದರೆ ತೂತು ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ‘ಇನ್‌ಪುಟ್ ರೆಸಿಸ್ಟರ್‌ನ ಹತ್ತು ಪಟ್ಟು’ ಎಂದು ಬಾಯಿಪಾಠ ಮಾಡಿ 100 ಕಿಲೋಓಮ್ ಹಾಕುತ್ತಾರೆ. ಹಾಕಿದ ಕೂಡಲೇ ಅಲೆ ಶಿಸ್ತಾಗಿ ನಡುವಿಗೆ ಬರುತ್ತದೆ. ಎತ್ತರ ಅಳೆದರೆ 4.9 ವೋಲ್ಟ್. ಲೆಕ್ಕದ 5ಕ್ಕೆ ಸಾಕಷ್ಟು ಹತ್ತಿರ. ಎಲ್ಲರಿಗೂ ಖುಷಿ.

ಆದರೆ ಬದಿಗಳು ಈಗ ನೇರವಾಗಿಲ್ಲ. ತೂತು ದೊಡ್ಡದಾದ್ದರಿಂದ ಮಟ್ಟ ಏರಿದಂತೆ ಸೋರಿಕೆಯೂ ಏರುತ್ತದೆ. ಹಾಗಾಗಿ ಪ್ರತಿ ಬದಿಯೂ ಮೊದಲು ಜೋರಾಗಿ ಹೊರಟು ಕೊನೆಗೆ ನಿಧಾನವಾಗುತ್ತದೆ. ಲೆಕ್ಕ ಹಾಕಿದರೆ ಆರಂಭದಲ್ಲಿ ಮಿಲಿಸೆಕೆಂಡ್‌ಗೆ ಸುಮಾರು 12.5 ವೋಲ್ಟ್, ಕೊನೆಯಲ್ಲಿ ಸುಮಾರು 7.5 ವೋಲ್ಟ್. ಸರಾಸರಿ 10ರ ಹತ್ತಿರವೇ ಇರುವುದರಿಂದ ಎತ್ತರ ಸರಿ ಬಂದಿತ್ತು. ಎತ್ತರ ಮಾತ್ರ ಅಳೆದು ಟೇಬಲ್ ತುಂಬಿಸಿದವರಿಗೆ ಈ ಬಾಗು ಗೊತ್ತೇ ಆಗುವುದಿಲ್ಲ. ಕಣ್ಣಿಗೂ ಅದು ಸಲೀಸಾಗಿ ಸಿಗುವುದಿಲ್ಲ, ಪರದೆಯ ಮೇಲಿನ ಗೆರೆಯ ದಪ್ಪ ಅದನ್ನು ಅರ್ಧ ಮುಚ್ಚಿಬಿಡುತ್ತದೆ.

ಇಲ್ಲಿಗೆ ನಮ್ಮ ಸಾಕ್ಷಿಯನ್ನು ಕರೆಯೋಣ. ಡಿಫರೆನ್ಷಿಯೇಟರ್‌ನಲ್ಲಿ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಜಾಗ ಬದಲಿಸಿಕೊಂಡಿರುತ್ತವೆ. ಅದು ನೀರಿನ ಮಟ್ಟವನ್ನು ನೋಡುವುದಿಲ್ಲ, ಮಟ್ಟ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಮಾತ್ರ ಹೇಳುತ್ತದೆ.

Vout = −RC dVin/dt

ಅದೇ 10 ಕಿಲೋಓಮ್, ಅದೇ 0.01 ಮೈಕ್ರೊಫ್ಯಾರಡ್‌ನಿಂದ ಎರಡನೇ 741ರ ಮೇಲೆ ಡಿಫರೆನ್ಷಿಯೇಟರ್ ಕಟ್ಟಿ, ಇಂಟಿಗ್ರೇಟರ್‌ನ ಔಟ್‌ಪುಟ್ ಅನ್ನು ಅದಕ್ಕೆ ಕೊಡಿ. ಮಿಲಿಸೆಕೆಂಡ್‌ಗೆ 10 ವೋಲ್ಟ್ ಇಳಿಜಾರನ್ನು 0.1 ಮಿಲಿಸೆಕೆಂಡ್‌ನಿಂದ ಗುಣಿಸಿದರೆ 1 ವೋಲ್ಟ್. ಹೊರಟಿದ್ದ ಪ್ಲಸ್ ಮೈನಸ್ 1 ವೋಲ್ಟ್ ಚೌಕ ಅಲೆಯೇ ವಾಪಸ್ ಬರಬೇಕು, ಚಿಹ್ನೆ ಎರಡು ಸಲ ತಿರುಗಿದ್ದರಿಂದ ದಿಕ್ಕೂ ಮೊದಲಿನದೇ. ಸಿಆರ್‌ಒದ ಒಂದು ಚಾನೆಲ್‌ಗೆ ಮೂಲ ಅಲೆ, ಇನ್ನೊಂದಕ್ಕೆ ಈ ವಾಪಸ್ ಬಂದ ಅಲೆ. ಒಂದರ ಮೇಲೊಂದು ಇಟ್ಟು ನೋಡಿ.

100 ಕಿಲೋಓಮ್ ಇದ್ದಾಗ ವಾಪಸ್ ಬಂದ ಚೌಕದ ತಲೆ ಸಮತಟ್ಟಾಗಿರಲಿಲ್ಲ. 1.25 ವೋಲ್ಟ್‌ನಲ್ಲಿ ಶುರುವಾಗಿ 0.75 ವೋಲ್ಟ್‌ಗೆ ಜಾರುತ್ತಿತ್ತು, ಹಳೇ ಹೆಂಚಿನ ಮನೆಯ ಮಾಡಿನಂತೆ. ತ್ರಿಕೋನದಲ್ಲಿ ಕಣ್ಣಿಗೆ ತಪ್ಪಿಸಿಕೊಂಡಿದ್ದ ಬಾಗು ಇಲ್ಲಿ ಎದ್ದು ಕಂಡಿತು. ಆಮೇಲೆ 100 ಕಿಲೋಓಮ್ ಕಿತ್ತು 1 ಮೆಗಾಓಮ್ ಹಾಕಿದೆವು. ಚೌಕದ ತಲೆ 1.025ರಿಂದ 0.975ಕ್ಕೆ, ಅಂದರೆ ಹೆಚ್ಚುಕಡಿಮೆ ಸಮತಟ್ಟು.

ಹಾಗಾದರೆ ಯಾವಾಗಲೂ 1 ಮೆಗಾಓಮ್ ಹಾಕಿದರಾಯಿತಲ್ಲ ಅನ್ನಬಹುದು. ಅದಕ್ಕೂ ಬೆಲೆ ಇದೆ. 1 ಮೆಗಾಓಮ್ ಹಾಕಿದಾಗ ಡಿಸಿಗೆ ಈ ಸರ್ಕ್ಯೂಟ್ 100 ಪಟ್ಟು ವರ್ಧಕ. ನಮ್ಮ ತ್ರಿಕೋನ ಚಾವಣಿಯಿಂದ ಇಳಿದರೂ ಸೊನ್ನೆಗೆ ಬಂದು ಕೂರಲಿಲ್ಲ, 2 ವೋಲ್ಟ್‌ನಷ್ಟು ಕೆಳಗೆ ನಿಂತಿತು. ಇದು ಆಪ್ ಆ್ಯಂಪ್‌ನ ಆಫ್‌ಸೆಟ್ಟೋ, ಫಂಕ್ಷನ್ ಜನರೇಟರ್‌ನದ್ದೋ? ತಿಳಿಯಲು ಸುಲಭ ದಾರಿ ಇದೆ. ಜನರೇಟರ್‌ನ ವೈರ್ ತೆಗೆದು, ಇನ್‌ಪುಟ್ ರೆಸಿಸ್ಟರ್‌ನ ಆ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿ. ಈಗ ಉಳಿದದ್ದು ಐಸಿಯ ಪಾಲು. ನಮಗೆ ಸಿಕ್ಕಿದ್ದು 0.15 ವೋಲ್ಟ್‌ನ ಹತ್ತಿರ. ಮಿಕ್ಕದ್ದೆಲ್ಲ ಜನರೇಟರ್‌ನಿಂದ ಬಂದದ್ದು. ಅದರ ಆಫ್‌ಸೆಟ್ ಗುಬುಟು ಸೊನ್ನೆಯಲ್ಲೇ ಇತ್ತು, ಡ್ಯೂಟಿ ಗುಬುಟು ಮಾತ್ರ ಕೂದಲೆಳೆಯಷ್ಟು ಆಚೆ ಇತ್ತು. ಅಲೆ ಮೇಲೆ ಇರುವ ಸಮಯ ಶೇ 50ರ ಬದಲು ಶೇ 51 ಆದರೆ ಸಾಕು, ಸರಾಸರಿ 0.02 ವೋಲ್ಟ್. ಅದರ ನೂರು ಪಟ್ಟು 2 ವೋಲ್ಟ್. ಚೌಕ ಅಲೆಯನ್ನು ನೇರವಾಗಿ ನೋಡಿ ಶೇ 51 ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಇಂಟಿಗ್ರೇಟರ್ ಹೇಳಿತು. ತಮಾಷೆ ಅಂದರೆ ಡಿಫರೆನ್ಷಿಯೇಟರ್‌ಗೆ ಈ 2 ವೋಲ್ಟ್ ಕಾಣುವುದೇ ಇಲ್ಲ. ಬದಲಾಗದೆ ನಿಂತದ್ದು ಅದರ ಲೆಕ್ಕಕ್ಕಿಲ್ಲ.

ಇಷ್ಟು ಹೊತ್ತು ಡಿಫರೆನ್ಷಿಯೇಟರ್ ಒಳ್ಳೆಯ ಸಾಕ್ಷಿ ಎಂದೆ. ಪುಸ್ತಕದ ಎರಡೇ ಬಿಡಿಭಾಗಗಳಿಂದ ಅದನ್ನು ಕಟ್ಟಿದರೆ ಅದು ನಡುಗುವ ಸಾಕ್ಷಿ. ಆ ಹುಡುಗಿ ಮೊದಲು ಹಾಗೇ ಕಟ್ಟಿದಾಗ ಚೌಕ ಅಲೆ ಬಂದದ್ದು ನಿಜ. ಆದರೆ ಪ್ರತಿ ಅಂಚಿನ ಹಿಂದೆ ಗಂಟೆ ಬಾರಿಸಿದಂತೆ ಒಂದು ಅಲುಗಾಟ ಎದ್ದು, ಅರ್ಧ ಆವರ್ತ ಮುಗಿಯುವವರೆಗೂ ತಣ್ಣಗಾಗುತ್ತಿರಲಿಲ್ಲ. ಟೈಮ್‌ಬೇಸ್ ಹಿಗ್ಗಿಸಿ ಅಳೆದಾಗ ಒಂದೊಂದು ಅಲುಗಾಟಕ್ಕೆ ಸುಮಾರು 25 ಮೈಕ್ರೊಸೆಕೆಂಡ್, ಅಂದರೆ 40 ಕಿಲೋಹರ್ಟ್ಸ್. ‘ವೈರ್ ಲೂಸ್ ಇರ್ಬೇಕು’ ಎಂದು ಪಕ್ಕದವನು ಎಲ್ಲ ವೈರ್‌ಗಳನ್ನೂ ಒತ್ತತೊಡಗಿದ.

ಲೂಸ್ ಕನೆಕ್ಷನ್‌ಗೆ ಇಷ್ಟು ಕರಾರುವಾಕ್ಕು ಆವರ್ತನ ಇರುವುದಿಲ್ಲ. 741 ಅನ್ನು ಫೇರ್‌ಚೈಲ್ಡ್ ಕಂಪನಿಗಾಗಿ ಡೇವಿಡ್ ಫುಲಗಾರ್ ವಿನ್ಯಾಸ ಮಾಡಿದ್ದು, 1968ರಲ್ಲಿ ಅದು ಮಾರುಕಟ್ಟೆಗೆ ಬಂತು. ಬಳಸುವವರು ತಾವೇ ಹೊರಗಿನಿಂದ ಕೆಪ್ಯಾಸಿಟರ್ ಹಾಕಿ ಸ್ಥಿರಗೊಳಿಸುವ ತಾಪತ್ರಯ ತಪ್ಪಲೆಂದು ಚಿಪ್ ಒಳಗೇ 30 ಪಿಕೊಫ್ಯಾರಡ್‌ನ ಕೆಪ್ಯಾಸಿಟರ್ ಇಟ್ಟರು. ಅದರಿಂದಾಗಿ 741 ಯಾವ ಅಲೆಗೂ ಕಾಲು ಆವರ್ತ ತಡವಾಗಿ ಉತ್ತರಿಸುತ್ತದೆ. ಡಿಫರೆನ್ಷಿಯೇಟರ್‌ನ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಸೇರಿ ಇನ್ನೊಂದು ಕಾಲು ಆವರ್ತಕ್ಕೆ ಸ್ವಲ್ಪ ಕಡಿಮೆ ತಡ ಮಾಡುತ್ತವೆ. ಎರಡೂ ಸೇರಿದರೆ ಹತ್ತಿರ ಹತ್ತಿರ ಅರ್ಧ ಆವರ್ತ. ಜೋಕಾಲಿ ನಿಲ್ಲಿಸಲು ಹೋದವನು ಅರ್ಧ ಸುತ್ತು ತಡವಾಗಿ ಕೈ ಹಾಕಿದರೆ ನಿಲ್ಲಿಸುವ ಬದಲು ತೂಗಿದಂತೆಯೇ ಆಗುತ್ತದಲ್ಲ, ಹಾಗೆ. ಎಷ್ಟು ಆವರ್ತನದಲ್ಲಿ ಎನ್ನುವುದಕ್ಕೂ ಲೆಕ್ಕ ಇದೆ. ನಮ್ಮ ಬಿಡಿಭಾಗಗಳ ಆವರ್ತನ 1/(2πRC), ಅಂದರೆ 1.6 ಕಿಲೋಹರ್ಟ್ಸ್. 741ರ ಮಿತಿ ಸುಮಾರು 1 ಮೆಗಾಹರ್ಟ್ಸ್. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 40 ಕಿಲೋಹರ್ಟ್ಸ್. ಪರದೆಯಲ್ಲಿ ಅಳೆದದ್ದೂ ಅದೇ. ಲೆಕ್ಕ ಮುಗಿದ ಮೇಲೆ ಆ ಹುಡುಗಿ ಪರದೆಯನ್ನೂ ಕ್ಯಾಲ್ಕುಲೇಟರನ್ನೂ ಎರಡೆರಡು ಸಲ ನೋಡಿದಳು. ಅಲ್ಲಿಗೆ ವೈರ್ ಒತ್ತುವುದು ನಿಂತಿತು.

ಇನ್‌ಪುಟ್ ಕೆಪ್ಯಾಸಿಟರ್ ಜೊತೆ ಸಾಲಾಗಿ 1 ಕಿಲೋಓಮ್ ಸೇರಿಸಿದರೆ ಈ ನಡುಕ ಪೂರ್ತಿ ಅಡಗುತ್ತದೆ. ಆ ರೆಸಿಸ್ಟರ್ ತಡವನ್ನು ಸಾಕಷ್ಟು ಕಡಿಮೆ ಮಾಡಿಬಿಡುತ್ತದೆ. ಪ್ರತಿಯಾಗಿ ಚೌಕದ ಅಂಚುಗಳು ತುಸು ದುಂಡಾಗುತ್ತವೆ, ಮೇಲಿನಿಂದ ಕೆಳಗೆ ಹೋಗಲು 20 ಮೈಕ್ರೊಸೆಕೆಂಡ್‌ನಷ್ಟು ಬೇಕಾಗುತ್ತದೆ. 500 ಮೈಕ್ರೊಸೆಕೆಂಡ್‌ನ ಅರ್ಧ ಆವರ್ತದಲ್ಲಿ ಇದು ದೊಡ್ಡ ನಷ್ಟವಲ್ಲ. 470 ಓಮ್ ಹಾಕಿದರೆ ಅಂಚು ಇನ್ನಷ್ಟು ಚುರುಕು, ಆದರೆ ಒಂದು ಸಣ್ಣ ಕುಲುಕು ಉಳಿಯುತ್ತದೆ. ನನ್ನ ಆಯ್ಕೆ 1 ಕಿಲೋಓಮ್.

ಡಿಫರೆನ್ಷಿಯೇಟರ್‌ಗೆ ನೇರವಾಗಿ ಚೌಕ ಅಲೆ ಕೊಟ್ಟರೆ ಏನಾಗುತ್ತದೆ ಎಂಬುದು ವೈವಾದ ಖಾಯಂ ಪ್ರಶ್ನೆ. ಉತ್ತರ ‘ಸ್ಪೈಕ್ಸ್’. ಇಷ್ಟು ಹೇಳಿದರೆ ಮಾರ್ಕ್ಸ್ ಸಿಗುತ್ತದೆ. ಅಲೆ ಏರುವ ಅಂಚಿನಲ್ಲಿ ಸ್ಪೈಕ್ ಕೆಳಮುಖ, ಇಳಿಯುವ ಅಂಚಿನಲ್ಲಿ ಮೇಲ್ಮುಖ ಎಂದೂ ಸೇರಿಸಿ, ಬಹಳ ಮಂದಿ ಉಲ್ಟಾ ಬರೆಯುತ್ತಾರೆ. ಸ್ಪೈಕ್‌ನ ಎತ್ತರವನ್ನು ಮಾತ್ರ ಟೇಬಲ್‌ನಲ್ಲಿ ಬರೆದು ಸೂತ್ರದ ಜೊತೆ ಹೋಲಿಸಬೇಡಿ. ಅಂಚು ಶೂನ್ಯ ಸಮಯದಲ್ಲಿ ಏರಿದರೆ ಸೂತ್ರದ ಉತ್ತರ ಅನಂತ. ನಿಜದಲ್ಲಿ 741ರ ಔಟ್‌ಪುಟ್ ಮೈಕ್ರೊಸೆಕೆಂಡ್‌ಗೆ ಅರ್ಧ ವೋಲ್ಟ್‌ಗಿಂತ ವೇಗವಾಗಿ ಓಡಲಾರದು. ಅದು ಮೇಲೇರುವಷ್ಟರಲ್ಲಿ ಕೆಪ್ಯಾಸಿಟರ್ ತುಂಬಿ ಸ್ಪೈಕ್ ಇಳಿಯತೊಡಗಿರುತ್ತದೆ. ಹಾಗಾಗಿ ಆ ಎತ್ತರ ನಿಮ್ಮ ಸಿಗ್ನಲ್‌ನ ಅಳತೆಯಲ್ಲ, ಐಸಿಯ ಓಟದ ಅಳತೆ. ಹಳೇ ಸಿಆರ್‌ಒಗಳಲ್ಲಿ ಇಂಟೆನ್ಸಿಟಿ ಕಡಿಮೆ ಇದ್ದರೆ ಸ್ಪೈಕ್ ಕಾಣದೆಯೂ ಹೋಗಬಹುದು. ಕಿರಣ ಅಷ್ಟು ಬೇಗ ಹಾದುಹೋಗುತ್ತದೆ.

ಕೊನೆಗೆ ನನಗೆ ತುಂಬ ಇಷ್ಟವಾದ ನಾಲ್ಕನೇ ಜೋಡಿ, ಇಂಟಿಗ್ರೇಟರ್‌ಗೆ ತ್ರಿಕೋನ ಅಲೆ. ರೆಕಾರ್ಡ್‌ಗಳಲ್ಲಿ ಇದರ ಔಟ್‌ಪುಟ್ ಅನ್ನು ‘ಸೈನ್ ವೇವ್’ ಎಂದು ಬರೆದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪರದೆಯಲ್ಲಿ ಅದು ಸೈನ್‌ನಂತೆಯೇ ಕಾಣುತ್ತದೆ. ಆದರೆ ನೇರ ಗೆರೆಯನ್ನು ಇಂಟಿಗ್ರೇಟ್ ಮಾಡಿದರೆ ಬರುವುದು ವರ್ಗ, ಅಂದರೆ ಪ್ಯಾರಾಬೋಲಾ. ಒಂದು ಬೋಗುಣಿಯನ್ನು ನೆಟ್ಟಗೆ, ಇನ್ನೊಂದನ್ನು ಬೋರಲು ಇಟ್ಟು ಜೋಡಿಸಿದ ಹಾಗೆ. ನಮ್ಮ ಬಿಡಿಭಾಗಗಳಿಗೆ ಪ್ಲಸ್ ಮೈನಸ್ 1 ವೋಲ್ಟ್, 1 ಕಿಲೋಹರ್ಟ್ಸ್ ತ್ರಿಕೋನ ಕೊಟ್ಟರೆ ತುದಿಯಿಂದ ತುದಿಗೆ 2.5 ವೋಲ್ಟ್ ಬರುತ್ತದೆ. ಶುದ್ಧ ಸೈನ್‌ಗಿಂತ ಇದು ಎಷ್ಟು ಬೇರೆ? ಇದರಲ್ಲಿರುವ ಮೂರನೇ ಹಾರ್ಮೋನಿಕ್, ಮೂಲ ಅಲೆಯ 27ನೇ ಒಂದು ಭಾಗ. ಶೇ 4ಕ್ಕಿಂತಲೂ ಕಡಿಮೆ. ಕಣ್ಣು ಇದನ್ನು ಹಿಡಿಯಲಾರದು.

ಸಾಕ್ಷಿ ಹಿಡಿಯುತ್ತದೆ. ಈ ಅಲೆಯನ್ನು ನಡುಕ ಬಿಡಿಸಿದ ಡಿಫರೆನ್ಷಿಯೇಟರ್‌ಗೆ ಕೊಡಿ. ಅದೇ ಎತ್ತರದ ನಿಜವಾದ ಸೈನ್ ಆಗಿದ್ದರೆ ಹೊರಬರುವುದೂ ದುಂಡು ತಲೆಯ ಸೈನ್, ಎತ್ತರ 0.8 ವೋಲ್ಟ್‌ಗೂ ಸ್ವಲ್ಪ ಕಡಿಮೆ. ಪ್ಯಾರಾಬೋಲಾ ಆಗಿದ್ದರೆ ಚೂಪು ತುದಿಯ, 1 ವೋಲ್ಟ್‌ನ ತ್ರಿಕೋನ. ನಮಗೆ ಬಂದದ್ದು ತ್ರಿಕೋನ. ಆ ತ್ರಿಕೋನವನ್ನು ಇನ್ನೊಂದು ಡಿಫರೆನ್ಷಿಯೇಟರ್‌ಗೆ ಕೊಟ್ಟರೆ ಚೌಕವೇ ಬರುತ್ತದೆ, ಪ್ಲಸ್ ಮೈನಸ್ 0.4 ವೋಲ್ಟ್. ಆ ಹೊತ್ತಿಗೆ ಲ್ಯಾಬ್ ಮುಚ್ಚುವ ಸಮಯವಾಗಿತ್ತು, ಬೋರ್ಡಿನಲ್ಲಿ ಮೂರನೇ ಐಸಿಗೆ ಜಾಗವೂ ಇರಲಿಲ್ಲ. ಆ ಹುಡುಗಿ ರೆಕಾರ್ಡ್‌ನಲ್ಲಿ ‘ಸೈನ್’ ಎಂದಿದ್ದ ಕಡೆ ಗೆರೆ ಎಳೆದು ‘ಪ್ಯಾರಾಬೋಲಾ’ ಎಂದು ಬರೆದಳು. ಗ್ರಾಫ್ ಶೀಟ್‌ನಲ್ಲಿ 40 ಕಿಲೋಹರ್ಟ್ಸ್‌ನ ನಡುಕವನ್ನೂ ಎಳೆದು, ಪಕ್ಕದಲ್ಲಿ ‘1 ಕಿಲೋಓಮ್ ಹಾಕುವ ಮೊದಲು’ ಎಂದು ಸಣ್ಣದಾಗಿ ನಮೂದಿಸಿದಳು.